ಟ್ರ್ಯಾಕ್ಟರ್ ಸೀಟಿಗೂ ಸರ್ವಿಸ್ ಬೇಕು

ಟ್ರ್ಯಾಕ್ಟರ್ ಸೀಟಿನ ಕೆಳಗೆ ಒಂದು ತಿರುಪು ಇರುತ್ತದೆ. ಕೆಲವದರಲ್ಲಿ ಅದು ಹಿಡಿಕೆ, ಕೆಲವದರಲ್ಲಿ ಗುಂಡನೆಯ ನಾಬು. ಪಕ್ಕದಲ್ಲಿ ಕಿಲೋ ಲೆಕ್ಕದ ಅಂಕಿ ಕೊರೆದಿರುತ್ತಾರೆ. ನಮ್ಮೂರಿನಲ್ಲಿ ಒಂಬತ್ತು ಟ್ರ್ಯಾಕ್ಟರ್ ಇವೆ. ಅವನ್ನು ಓಡಿಸುವ ಹುಡುಗರನ್ನೆಲ್ಲ ಕೇಳಿ ನೋಡಿದೆ, ಈ ತಿರುಪು ಯಾತಕ್ಕಪ್ಪ ಅಂತ. ಸೀಟು ಎತ್ತರ ಮಾಡೋಕೆ ಅಂದವರು ಮೂವರು. ಮುಂದೆ ಹಿಂದೆ ಸರಿಸೋಕೆ ಅಂದವರು ಇಬ್ಬರು. ಉಳಿದವರು ಅಂಥದ್ದೊಂದು ಇದೆ ಅಂತಲೇ ನೋಡಿರಲಿಲ್ಲ. ಒಬ್ಬ ಮಾತ್ರ ಸರಿಯಾಗಿ ಹೇಳಿದ: "ಕೂರೋನ ತೂಕಕ್ಕೆ ತಕ್ಕ ಹಾಗೆ ಸ್ಪ್ರಿಂಗ್ ಬಿಗಿ ಮಾಡೋದು." ಅವನ ಗಾಡಿಯಲ್ಲೇ ಅದು ತುಕ್ಕು ಹಿಡಿದು ತಿರುಗುತ್ತಿರಲಿಲ್ಲ!

ನನ್ನದು ಚಳ್ಳಕೆರೆ ತಾಲ್ಲೂಕಿನಲ್ಲಿ ಆರು ಎಕರೆ ಖುಷ್ಕಿ. ಶೇಂಗಾ, ತೊಗರಿ, ಸ್ವಲ್ಪ ಸಜ್ಜೆ. ಸ್ವಂತ ಟ್ರ್ಯಾಕ್ಟರ್ ಇಲ್ಲ, ಬಾಡಿಗೆಗೆ ಕರೆಸುತ್ತೇನೆ. ನಮ್ಮಂಥ ಸಣ್ಣ ಹಿಡುವಳಿಯವರಲ್ಲಿ ಹೆಚ್ಚಿನವರ ಪರಿಸ್ಥಿತಿ ಇದೇ. ಹಾಗಾಗಿ ಸೀಟಿನ ವಿಚಾರ ಮಾಲೀಕರದ್ದು, ನಮಗೇಕೆ ಅಂತ ಅನ್ನಿಸಬಹುದು. ಆದರೆ ಆ ಸೀಟಿನ ಮೇಲೆ ಕೂರುವವರು ನಮ್ಮ ಮಕ್ಕಳೇ, ನಮ್ಮ ಅಣ್ಣತಮ್ಮಂದಿರ ಮಕ್ಕಳೇ. ಎರಡೋ ಮೂರೋ ಎಕರೆ ಇರುವ ಮನೆಯ ಹುಡುಗ ಮಳೆಗಾಲದಲ್ಲಿ ಇನ್ನೊಬ್ಬರ ಟ್ರ್ಯಾಕ್ಟರ್ ಓಡಿಸುತ್ತಾನೆ, ಬೇಸಿಗೆಯಲ್ಲಿ ಕೆರೆ ಹೂಳಿನ ಟಿಪ್ಪರ್ ಹತ್ತುತ್ತಾನೆ. ಮೂವತ್ತೈದು ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಂಡು ನಡೆಯುತ್ತಾನೆ. ಇದನ್ನು ಹಣೆಬರಹ ಅಂತ ಬಿಟ್ಟುಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಇದರಲ್ಲಿ ಅರ್ಧಕ್ಕರ್ಧ ಪಾನಾ, ಗ್ರೀಸು ಮತ್ತು ಗಾಳಿ ಅಳೆಯುವ ಮೀಟರಿನಲ್ಲಿ ಆಗುವ ಕೆಲಸ ಇದೆ ಅಂತ ನನ್ನ ವಾದ.

ನನ್ನ ಅಣ್ಣನ ಮಗನ ಕಥೆಯನ್ನೇ ಹೇಳುತ್ತೇನೆ. ಅವನಿಗೆ 34 ವರ್ಷ. ಪಕ್ಕದ ಊರಿನ ಮಾಲೀಕರೊಬ್ಬರ ಟ್ರ್ಯಾಕ್ಟರನ್ನು ಹನ್ನೊಂದು ವರ್ಷದಿಂದ ಓಡಿಸುತ್ತಿದ್ದಾನೆ. ಹೋದ ವರ್ಷದ ಮುಂಗಾರಿನಲ್ಲಿ ಬಲಗಡೆ ಕುಂಡೆಯಿಂದ ಮೀನಖಂಡದವರೆಗೆ ಸಿಡಿತ ಶುರುವಾಯಿತು. ಕೆಮ್ಮಿದರೆ ಮಿಂಚು ಹೊಡೆದ ಹಾಗೆ. ಮೊದಲು ನಾಟಿ ಎಣ್ಣೆ, ಆಮೇಲೆ ಮೆಡಿಕಲ್ ಸ್ಟೋರಿನ ಮಾತ್ರೆ. ಕೊನೆಗೆ ಮೂಳೆ ಡಾಕ್ಟರ ಹತ್ತಿರ ಹೋದಾಗ ಅವರು ಬೆನ್ನೆಲುಬಿನ ಬೊಂಬೆ ಇಟ್ಟುಕೊಂಡು ತೋರಿಸಿದರು. ಸೊಂಟದ ಐದು ಮೂಳೆಗಳಲ್ಲಿ ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಇರುವ ಮೆತ್ತೆ ಹಿಂದಕ್ಕೆ ಉಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಅಂದರು. ಆಪರೇಷನ್ ಈಗಲೇ ಬೇಡ, ಇಂಥದ್ದು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಪೂರ್ತಿ ಮಲಗಿಬಿಡಬೇಡ, ನಡೆದಾಡು ಅಂದರು. ಆಮೇಲೆ ಅವರು ಕೇಳಿದ ಪ್ರಶ್ನೆ: "ನಿನ್ನ ಗಾಡಿ ಸೀಟು ಹೇಗಿದೆ?"

ಆ ಪ್ರಶ್ನೆಯಿಂದಲೇ ನಾವು ಸೀಟಿನ ಕಡೆ ತಿರುಗಿದ್ದು. ಕೃಷಿ ಇಂಜಿನಿಯರಿಂಗ್ ಓದಿದ ನಮ್ಮ ಸಂಬಂಧಿಕರ ಹುಡುಗ ದಸರಾ ರಜೆಗೆ ಬಂದಿದ್ದ. ಅವನು, ನಾನು, ಅಣ್ಣನ ಮಗ ಮೂವರೂ ಸೇರಿ ಆ ಟ್ರ್ಯಾಕ್ಟರಿನ ಸೀಟನ್ನು ಬಿಚ್ಚಿ ನೋಡಿದೆವು. ನೋಡುವ ಮೊದಲು ಅವನು ಕುಲುಕಿನ ಲೆಕ್ಕವನ್ನು ನಮಗೆ ಅರ್ಥವಾಗುವ ಹಾಗೆ ಹೇಳಿದ.

ಜೋಕಾಲಿಗೆ ಅದರದೇ ಒಂದು ತಾಳ ಇರುತ್ತದೆ. ಆ ತಾಳಕ್ಕೆ ಸರಿಯಾಗಿ ಬೆರಳಿನಲ್ಲಿ ನೂಕಿದರೂ ಎತ್ತರಕ್ಕೆ ಹೋಗುತ್ತದೆ, ತಾಳ ತಪ್ಪಿ ನೂಕಿದರೆ ಹೋಗುವುದಿಲ್ಲ. ಕೂತ ಮನುಷ್ಯನ ಮೈಗೂ ಹಾಗೇ. ಕೆಳಗಿನಿಂದ ಸೆಕೆಂಡಿಗೆ 4ರಿಂದ 6 ಸಲ ಕುಲುಕಿದರೆ ಹೊಟ್ಟೆ, ಬೆನ್ನು ಎಲ್ಲ ಸೇರಿ ಆ ತಾಳಕ್ಕೆ ಕುಣಿಯುತ್ತವೆ. ಸೀಟು ಕುಲುಕಿದ್ದಕ್ಕಿಂತ ಬೆನ್ನೆಲುಬು ಜಾಸ್ತಿ ಕುಲುಕುತ್ತದೆ. ನಮ್ಮ ಟ್ರ್ಯಾಕ್ಟರುಗಳ ಹಿಂದಿನ ಅಚ್ಚಿಗೆ ಲಾರಿಗಿರುವ ಹಾಗೆ ಪಟ್ಟಿ ಸ್ಪ್ರಿಂಗ್ ಇಲ್ಲ. ದೊಡ್ಡ ಟೈರೇ ಸ್ಪ್ರಿಂಗು. ಆ ಟೈರಿನ ಮೇಲೆ ಇಡೀ ಗಾಡಿ ಸೆಕೆಂಡಿಗೆ 2ರಿಂದ 4 ಸಲ ಪುಟಿಯುತ್ತದೆ. ಅಂದರೆ ಮೈಗೆ ಆಗದ ತಾಳದ ಹತ್ತಿರವೇ. ನಡುವೆ ಇದನ್ನು ಹೀರಿಕೊಳ್ಳಬೇಕಾದ್ದು ಸೀಟಿನ ಕೆಳಗಿನ ಸ್ಪ್ರಿಂಗ್ ಮತ್ತು ಡ್ಯಾಂಪರ್. ಡ್ಯಾಂಪರ್ ಅಂದರೆ ಮೋಟಾರ್ ಸೈಕಲ್ಲಿನ ಶಾಕ್ ಅಬ್ಸಾರ್ಬರಿನ ತಮ್ಮ. ಸ್ಪ್ರಿಂಗ್ ಕುಲುಕನ್ನು ನುಂಗುತ್ತದೆ, ಡ್ಯಾಂಪರ್ ಸ್ಪ್ರಿಂಗ್ ತಾನೇ ಜೋಕಾಲಿ ಆಗದ ಹಾಗೆ ಹಿಡಿಯುತ್ತದೆ. ಎರಡರಲ್ಲಿ ಯಾವುದು ಕೆಟ್ಟರೂ ಸೀಟು ಇದ್ದೂ ಇಲ್ಲದ ಹಾಗೆ. ಡ್ಯಾಂಪರ್ ಸತ್ತ ಸೀಟು ಕೆಲವು ಸಲ ಬೋಲ್ಟ್ ಹೊಡೆದ ಕಬ್ಬಿಣದ ಸೀಟಿಗಿಂತ ಕಡೆ.

ಈಗ ಆ ಸೀಟಿನಲ್ಲಿ ಸಿಕ್ಕಿದ್ದು. ಅಣ್ಣನ ಮಗನ ತೂಕ 52 ಕಿಲೋ. ತಿರುಪಿನ ಮುಳ್ಳು 110ರ ಮೇಲೆ ಜಾಮ್ ಆಗಿತ್ತು. ಅವನಿಗಿಂತ ಮುಂಚೆ ಓಡಿಸುತ್ತಿದ್ದವನು ದಡೂತಿ ಆಳು, ಅವನು ಬಿಗಿ ಮಾಡಿಕೊಂಡಿದ್ದ. ಹನ್ನೊಂದು ವರ್ಷ ಯಾರೂ ಮುಟ್ಟಿಲ್ಲ. ಹಾಗಾಗಿ ಇವನು ಕೂತರೆ ಸೀಟು ಇಳಿಯುತ್ತಲೇ ಇರಲಿಲ್ಲ, ಮೇಲಿನ ತಡೆಗೆ ತಾಗಿಕೊಂಡೇ ಇರುತ್ತಿತ್ತು. ಸ್ಪ್ರಿಂಗ್ ಇದೆ, ಆದರೆ ಅದು ಕೆಲಸ ಮಾಡುವುದಿಲ್ಲ. ಗುಂಡಿಗೆ ಇಳಿದಾಗ ಮೇಲಕ್ಕೆ ಎಸೆದು, ವಾಪಸ್ ಬೀಳುವಾಗ ಕುಂಡೆಗೆ ಗುದ್ದುತ್ತದೆ. ತೂಕದವರಿಗೆ ಇದರ ಉಲ್ಟಾ ಆಗುತ್ತದೆ. ತಿರುಪು ಸಡಿಲ ಇದ್ದರೆ ಸೀಟು ಪೂರ್ತಿ ಕೂತುಬಿಟ್ಟು ಕೆಳಗಿನ ರಬ್ಬರ್ ಗುಬುಟಿಗೆ ಢಕ್ ಅಂತ ಹೊಡೆಯುತ್ತದೆ. ಡಾಕ್ಟರು ಹೇಳಿದ ಪ್ರಕಾರ ದಿನವಿಡೀ ಇರುವ ಸಣ್ಣ ಕುಲುಕಿಗಿಂತ ಈ ಗುದ್ದುಗಳೇ ಬೆನ್ನಿಗೆ ಹೆಚ್ಚು ಹಾಳು.

ಎರಡನೆಯದು ಡ್ಯಾಂಪರ್. ಅದರ ಮೈಮೇಲೆಲ್ಲ ಎಣ್ಣೆ ಸೋರಿ ಧೂಳು ಮೆತ್ತಿ ಕರೀ ಹೆಪ್ಪು ಕಟ್ಟಿತ್ತು. ಬಿಚ್ಚಿ ಕೈಯಲ್ಲಿ ಎಳೆದರೆ ಸೈಕಲ್ ಪಂಪಿನ ಹಾಗೆ ಸಲೀಸಾಗಿ ಬಂತು. ಮೂರನೆಯದು, ಸೀಟು ಮಡಚಿ ಬಿಚ್ಚುವ ಕತ್ತರಿ ಕಾಲಿನ ಬುಷ್ಷುಗಳು. ಬಲಗಡೆಯದು ಸವೆದು ಸೀಟು ಬಲಕ್ಕೆ ವಾಲಿತ್ತು. ಇವನು ರೋಟಾವೇಟರ್ ನೋಡೋಕೆ ತಿರುಗುವುದೂ ಬಲಕ್ಕೇ. ವಾಲಿದ ಸೀಟಿನ ಮೇಲೆ, ಸೊಂಟ ತಿರುಚಿಕೊಂಡು, ಕೆಳಗಿನಿಂದ ಗುದ್ದು ತಿನ್ನುವುದು. ಬಲಗಾಲೇ ಹಿಡಿದದ್ದಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ, ಡಾಕ್ಟರೂ ಹಾಗೆ ಹೇಳಲಿಲ್ಲ. ಮೆತ್ತೆ ಸವೆಯುವುದಕ್ಕೆ ವಯಸ್ಸು, ಭಾರ ಹೊರುವುದು, ಬಗ್ಗಿ ಕೂರುವುದು, ಬೀಡಿ ಎಲ್ಲವೂ ಸೇರುತ್ತವೆ. ಟ್ರ್ಯಾಕ್ಟರ್ ಹತ್ತದವರಿಗೂ ಸೊಂಟ ನೋವು ಬರುತ್ತದೆ. ಆದರೆ ವರ್ಷಗಟ್ಟಲೆ ಇಂಥ ಗಾಡಿ ಓಡಿಸುವವರಲ್ಲಿ ಇದು ಹೆಚ್ಚು ಅನ್ನುವುದರಲ್ಲಿ ತಿಳಿದವರಿಗೆ ಅನುಮಾನ ಇಲ್ಲ. ಜರ್ಮನಿಯಲ್ಲಿ 1993ರಿಂದಲೇ, ಹಲವು ವರ್ಷ ಕೂತು ಮೈ ಕುಲುಕಿಸಿಕೊಂಡು ದುಡಿದು ಸೊಂಟದ ಮೆತ್ತೆ ಕೆಟ್ಟರೆ ಅದನ್ನು ಕಸುಬಿನಿಂದ ಬಂದ ಕಾಯಿಲೆ ಅಂತ ಒಪ್ಪುತ್ತಾರೆ.

ಸೀಟಿನ ಮೇಲೆ ಮಾಲೀಕರು ಒಂದು ಉಪಕಾರವನ್ನೂ ಮಾಡಿದ್ದರು. ದಪ್ಪನೆಯ ಹೊಸ ಸ್ಪಂಜಿನ ದಿಂಬು ಹೊಲಿಸಿ ಹಾಕಿದ್ದರು. ಅದರ ಮೇಲೆ ಹುಡುಗ ಮಡಚಿದ ಗೋಣಿಚೀಲ ಬೇರೆ. ನಮ್ಮವರೆಲ್ಲ ಮಾಡುವುದು ಇದನ್ನೇ, ಸೊಂಟ ನೋವು ಅಂದರೆ ದಿಂಬು. ದಿಂಬಿನಿಂದ ಕುಂಡೆಗೆ ಹಿತ, ಇಂಜಿನ್ನಿನ ಜುಮುಜುಮು ಕಡಿಮೆಯಾಗುತ್ತದೆ ನಿಜ. ಗಾಡಿ ಪುಟಿಯುವ ನಿಧಾನದ ಕುಲುಕಿಗೆ ಅದು ಏನೂ ಮಾಡುವುದಿಲ್ಲ. ತೀರ ಮೆತ್ತಗಿದ್ದರೆ ಕುಲುಕನ್ನು ಜಾಸ್ತಿಯೇ ಮಾಡುತ್ತದೆ. ಮೇಲಾಗಿ ನಾಲ್ಕು ಬೆರಳು ಎತ್ತರವಾಗಿ ಕ್ಲಚ್ಚು ಬ್ರೇಕಿಗೆ ಕಾಲು ಚಾಚಬೇಕು. ಆಗ ಬೆನ್ನು ಹಿಂದಿನ ಒರಗಿಗೆ ತಾಗುವುದೇ ಇಲ್ಲ.

ರಿಪೇರಿ ಮಾಡಿದ್ದು ಹೀಗೆ. ತಿರುಪಿಗೆ ಎರಡು ದಿನ ಡೀಸೆಲ್ ಬಿಟ್ಟು ನೆನೆಸಿ, ಉಜ್ಜಿ, ಸಡಿಲಿಸಿ ಗ್ರೀಸ್ ಹಾಕಿದೆವು. ಡ್ಯಾಂಪರ್ ಹೊಸದು ತಂದೆವು. ಬುಷ್ಷು, ಪಿನ್ನು ಪೇಟೆಯ ಲೇತಿನವರ ಹತ್ತಿರ ಮಾಡಿಸಿದೆವು. ಸ್ಪಂಜು ತೆಗೆದು, ಮೊದಲಿನಷ್ಟೇ ದಪ್ಪದ ಗಟ್ಟಿ ಫೋಮ್ ಹಾಕಿಸಿದೆವು. ಎಲ್ಲಾ ಸೇರಿದರೂ ಒಂದು ಸಲ ಟ್ಯಾಂಕ್ ತುಂಬ ಡೀಸೆಲ್ ಹಾಕಿಸುವಷ್ಟು ಖರ್ಚಾಗಲಿಲ್ಲ.

ಆಮೇಲೆ ತೂಕಕ್ಕೆ ಹೊಂದಿಸುವ ಕೆಲಸ. ತಿರುಪಿನ ಅಂಕಿಯನ್ನು ಪೂರ್ತಿ ನಂಬಬೇಡಿ, ಹಳೇ ಸ್ಪ್ರಿಂಗ್ ಸೋತಿರುತ್ತದೆ. ಒಂದು ಕೋಲು ಹಿಡಿದು ಅಳೆಯಿರಿ. ಖಾಲಿ ಸೀಟಿನ ಎತ್ತರಕ್ಕೆ ಕೋಲಿನ ಮೇಲೆ ಒಂದು ಗೀಟು. ಇಬ್ಬರು ಸೇರಿ ಸೀಟನ್ನು ಪೂರ್ತಿ ಅದುಮಿ ಕೆಳಗಿನ ರಬ್ಬರಿಗೆ ತಾಗಿಸಿ ಇನ್ನೊಂದು ಗೀಟು. ಈಗ ಓಡಿಸುವವನು ಕೈ ಸ್ಟೇರಿಂಗಿನ ಮೇಲೆ, ಕಾಲು ಪೆಡಲಿನ ಹತ್ತಿರ ಇಟ್ಟು ನೆಟ್ಟಗೆ ಕೂರಲಿ. ಸೀಟು ಎರಡು ಗೀಟಿನ ನಡುಮಧ್ಯಕ್ಕೆ ಬಂದು ನಿಲ್ಲುವ ತನಕ ತಿರುಪು ತಿರುಗಿಸಿ. ಅಷ್ಟೇ. ಓಡಿಸುವವನು ಬದಲಾದರೆ ತಿರುಪೂ ಬದಲಾಗಬೇಕು.

ಡ್ಯಾಂಪರ್ ನೋಡುವುದು ಇನ್ನೂ ಸುಲಭ. ಸೀಟನ್ನು ಎರಡು ಕೈಯಲ್ಲಿ ಬಲವಾಗಿ ಅದುಮಿ ಥಟ್ಟನೆ ಬಿಡಿ. ಮೇಲೆ ಬಂದು ಒಂದೇ ಸಲಕ್ಕೆ ನಿಂತರೆ ಸರಿ. ಮೂರು ನಾಲ್ಕು ಸಲ ಕುಣಿದರೆ ಡ್ಯಾಂಪರ್ ಮುಗಿದಿದೆ. ಹೊಲದಲ್ಲಿ ಸೀಟು ತಳ ಹೊಡೆಯುತ್ತದೋ ಇಲ್ಲವೋ ತಿಳಿಯಬೇಕಾದರೆ ಕೆಳಗಿನ ರಬ್ಬರ್ ಗುಬುಟಿನ ತುದಿಗೆ ಸ್ವಲ್ಪ ಗ್ರೀಸ್ ಹಚ್ಚಿ, ಎದುರಿನ ತಗಡನ್ನು ಒರೆಸಿಡಿ. ಮಧ್ಯಾಹ್ನ ಬುತ್ತಿಗೆ ನಿಲ್ಲಿಸಿದಾಗ ತಗಡಿಗೆ ಗ್ರೀಸ್ ಮೆತ್ತಿದ್ದರೆ ತಳ ಹೊಡೆದಿದೆ ಅಂತ. ಒಂದೆರಡು ಕಲೆ ಇದ್ದರೆ ಬದು ದಾಟುವಾಗ ಆಗಿರಬಹುದು. ಮೆತ್ತಿ ಹರಡಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ವೇಗ ಜಾಸ್ತಿಯಾಗಿದೆ.

ಸೀಟು ಸರಿಯಾದ ಮೇಲೂ ಗಾಡಿ ಚೆಂಡಿನ ಹಾಗೆ ಪುಟಿಯುತ್ತಿತ್ತು. ಟೈರಿನ ಗಾಳಿ ನೋಡಿದರೆ ಹಿಂದಿನ ಎರಡರಲ್ಲೂ 22 ಪೌಂಡ್. ಮೆಕ್ಕೆಜೋಳ ಸಾಗಿಸುವಾಗ ಟ್ರೈಲರ್ ಭಾರಕ್ಕೆ ಹೊಡೆಸಿದ್ದು ಹಾಗೇ ಇತ್ತು. ಆ ಗಾಡಿಯ ಕೈಪಿಡಿಯಲ್ಲಿ ಹೊಲದ ಕೆಲಸಕ್ಕೆ 12 ಪೌಂಡ್ ಅಂತ ಬರೆದಿದೆ. ನಿಮ್ಮ ಗಾಡಿಯದು ಬೇರೆ ಇರಬಹುದು, ನಿಮ್ಮ ಪುಸ್ತಕ ನೋಡಿ. ಟೈರೇ ಸ್ಪ್ರಿಂಗು ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಕಲ್ಲಿನ ಹಾಗೆ ಗಾಳಿ ತುಂಬಿದರೆ ಸ್ಪ್ರಿಂಗ್ ಎಲ್ಲಿ ಉಳಿಯಿತು? ಹಿಡಿತಕ್ಕೆ ಅಂತ ಟೈರಿಗೆ ನೀರು ತುಂಬಿಸುವ ರೂಢಿಯೂ ಇದೆ. ನೀರು ತುಂಬಿದಷ್ಟೂ ಗಾಳಿಗೆ ಜಾಗ ಕಡಿಮೆ, ಟೈರು ಅಷ್ಟು ಗಟ್ಟಿ. ಎಳೆತದ ಕೆಲಸ ಮುಗಿದ ಮೇಲೆ ನೀರು ಬಿಟ್ಟುಬಿಡುವುದು ಒಳ್ಳೆಯದು. ಆದರೆ ಭಾರದ ಟ್ರೈಲರ್ ಎಳೆಯುವ ದಿನ ಗಾಳಿ ಇಳಿಸಿಕೊಂಡು ರಸ್ತೆಗೆ ಹೋಗಬೇಡಿ, ಟೈರಿನ ಪಕ್ಕೆ ಒಡೆಯುತ್ತದೆ. ಹೊಲಕ್ಕೊಂದು, ರಸ್ತೆಗೊಂದು ಗಾಳಿ. ಕೈಪಂಪು, ಮೀಟರು ಟೂಲ್ ಬಾಕ್ಸಿನಲ್ಲಿ ಇರಲೇಬೇಕು.

ಟ್ರೈಲರ್ ಜೋಡಿಸುವ ಪಿನ್ನನ್ನು ಯಾರೂ ನೋಡುವುದಿಲ್ಲ. ತೂತು ಸವೆದು ಮೊಟ್ಟೆಯ ಆಕಾರ ಆಗಿರುತ್ತದೆ, ಪಿನ್ನು ಸವೆದು ನಡು ಸಣ್ಣಗಾಗಿರುತ್ತದೆ. ಇಳಿಜಾರಿನಲ್ಲಿ ಟ್ರೈಲರ್ ಹಿಂದಿನಿಂದ ದೂಡುತ್ತದೆ, ಏರಿನಲ್ಲಿ ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗಾಟ ಮುಂದೆ ಹಿಂದೆ ಬರುವಂಥದ್ದು. ಸೀಟಿನ ಸ್ಪ್ರಿಂಗು ಮೇಲೆ ಕೆಳಗಿನದನ್ನು ಮಾತ್ರ ನುಂಗುತ್ತದೆ, ಇದಕ್ಕೆ ಏನೂ ಮಾಡಲಾರದು. ಅಕ್ಕಪಕ್ಕ ತೂಗಾಡುವುದಕ್ಕೂ ಅಷ್ಟೇ. ಹಾಗಾಗಿ ಎಷ್ಟೇ ದುಬಾರಿ ಸೀಟು ಹಾಕಿಸಿದರೂ ಉಬ್ಬುತಗ್ಗಿನ ಹೊಲದಲ್ಲಿ ಉಳಿಯುವ ಉಪಾಯ ಒಂದೇ, ವೇಗ ಇಳಿಸುವುದು.

ವೇಗ ಮತ್ತು ಹೊತ್ತು, ಇವೆರಡರ ಲೆಕ್ಕ ನನಗೆ ಹೊಸದಾಗಿತ್ತು. ಯುರೋಪಿನ ದೇಶಗಳು ಸೇರಿ 2002ರಲ್ಲಿ ಒಂದು ಕಾನೂನು ಮಾಡಿದವು. ಕುಲುಕನ್ನು ಸೀಟಿನ ಮೇಲೆ ಯಂತ್ರ ಇಟ್ಟು ಅಳೆಯುತ್ತಾರೆ. ದಿನಕ್ಕೆ ಎಂಟು ಗಂಟೆ ಕೆಲಸದ ಲೆಕ್ಕಕ್ಕೆ ಎರಡು ಗೆರೆ ಹಾಕಿದ್ದಾರೆ. 0.5 ದಾಟಿದರೆ ಮಾಲೀಕ ಏನಾದರೂ ಕ್ರಮ ತೆಗೆದುಕೊಳ್ಳಬೇಕು. 1.15 ದಾಟುವ ಹಾಗೇ ಇಲ್ಲ. ಅಳತೆಯ ಉದ್ದನೆಯ ಹೆಸರು ನಮಗೆ ಬೇಡ, ಅಂಕಿ ಸಾಕು. ಹೊಲದ ಕೆಲಸದಲ್ಲಿ ಟ್ರ್ಯಾಕ್ಟರ್ ಸೀಟಿನ ಮೇಲೆ ಸಾಮಾನ್ಯವಾಗಿ ಅರ್ಧದಿಂದ ಒಂದರ ಆಸುಪಾಸು ಸಿಗುತ್ತದಂತೆ. ಅರ್ಧ ಇದ್ದರೆ ಮೊದಲ ಗೆರೆ ಮುಟ್ಟಲು ಎಂಟು ಗಂಟೆ ಬೇಕು. ಅದೇ ಒಂದು ಇದ್ದರೆ? ನಾಲ್ಕು ಗಂಟೆ ಅಂತ ನಾನು ಲೆಕ್ಕ ಹಾಕಿದ್ದೆ. ಅಲ್ಲ, ಎರಡೇ ಗಂಟೆ. ಕುಲುಕು ಎರಡರಷ್ಟಾದರೆ ಮೈ ತಡೆಯುವ ಹೊತ್ತು ಅರ್ಧವಲ್ಲ, ಕಾಲುಭಾಗ ಆಗುತ್ತದೆ. ಕುಲುಕು ಒಂದು ಇರುವ ಗಾಡಿಯನ್ನು ಹನ್ನೊಂದು ಗಂಟೆ ಓಡಿಸಿದರೆ ಎರಡನೆಯ ಗೆರೆಯೂ ದಾಟಿತು. ಮುಂಗಾರಿನ ಹದದಲ್ಲಿ ನಮ್ಮ ಹುಡುಗರು ಬೆಳಗಿನ ಐದಕ್ಕೆ ಹತ್ತಿ ರಾತ್ರಿ ಲೈಟು ಹಾಕಿಕೊಂಡು ಹತ್ತರವರೆಗೆ ಓಡಿಸುವುದುಂಟು. ಅಲ್ಲಿಯೂ ಬೇಸಾಯದವರಿಗೆ ಈ ಎರಡನೆಯ ಗೆರೆ ಪಾಲಿಸಲು 2014ರವರೆಗೆ ವಾಯಿದೆ ಕೊಡಬಹುದು ಅಂತ ಬಿಟ್ಟಿದ್ದರಂತೆ. ಬೇಸಾಯದಲ್ಲಿ ಇದು ಕಷ್ಟ ಅನ್ನುವುದು ಅವರಿಗೂ ಗೊತ್ತಿತ್ತು. ಆದರೆ ಈ ಲೆಕ್ಕ ನಮಗೆ ಉಪಯೋಗಕ್ಕೆ ಬರುವುದು ಉಲ್ಟಾ ಕಡೆಯಿಂದ. ಒಂದು ಗೇರು ಇಳಿಸಿ ಕುಲುಕು ಸ್ವಲ್ಪವೇ ಕಡಿಮೆ ಮಾಡಿದರೂ ಬೆನ್ನಿಗೆ ಸಿಗುವ ಹೊತ್ತು ಬಹಳ ಹೆಚ್ಚುತ್ತದೆ. ಕುಲುಕು ಒಂದರಿಂದ 0.7ಕ್ಕೆ ಇಳಿದರೆ ಎರಡು ಗಂಟೆ ಇದ್ದದ್ದು ನಾಲ್ಕು ಗಂಟೆ ಆಗುತ್ತದೆ.

ವೇಗ ಇಳಿಸು ಅಂತ ಹುಡುಗನಿಗೆ ಹೇಳುವುದು ಸುಲಭ. ಅವನ ಕೈಯಲ್ಲಿ ಅದು ಇದೆಯೇ? ಗಂಟೆ ಲೆಕ್ಕದಲ್ಲಿ ಬಾಡಿಗೆ ಇದ್ದರೆ ಹೊಲದವನು ಬದುವಿನ ಮೇಲೆ ನಿಂತು ಗಡಿಯಾರ ನೋಡುತ್ತಾ "ಬೇಗ ಹೊಡಿಯಪ್ಪಾ" ಅನ್ನುತ್ತಾನೆ. ಎಕರೆ ಲೆಕ್ಕದಲ್ಲಿದ್ದರೆ ಮಾಲೀಕ ದಿನಕ್ಕೆ ಎಷ್ಟು ಎಕರೆ ಆಯಿತು ಅಂತ ಕೇಳುತ್ತಾನೆ. ಡ್ರೈವರನಿಗೆ ಬತ್ತ ಎಕರೆ ಮೇಲೆ ಕೊಟ್ಟರಂತೂ ಅವನೇ ಗೇರು ಏರಿಸುತ್ತಾನೆ. ಯಾವ ಲೆಕ್ಕ ಹಿಡಿದರೂ ಕೊನೆಗೆ ಬರುವುದು ವೇಗಕ್ಕೇ, ಆ ವೇಗ ಹೋಗಿ ಕೂರುವುದು ಒಬ್ಬನ ಸೊಂಟದಲ್ಲಿ. ಮಾಲೀಕರದ್ದೂ ತಪ್ಪೆನ್ನಲಾರೆ, ಕಂತು ಕಟ್ಟಬೇಕು, ಹದ ಇರುವುದು ನಾಲ್ಕೇ ದಿನ. ಅದಕ್ಕೇ ಡ್ರೈವರನ ಬತ್ತವನ್ನು ಎಕರೆಯಿಂದ ಬಿಡಿಸಿ ದಿನದ ಲೆಕ್ಕಕ್ಕೆ ತರಬೇಕು, ಹದದ ದಿನಗಳಲ್ಲಿ ಇಬ್ಬರು ಸರದಿಯ ಮೇಲೆ ಓಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಒಬ್ಬನೇ ಹದಿನಾರು ಗಂಟೆ ಕೂರುವುದಕ್ಕೂ ಇಬ್ಬರು ಎಂಟೆಂಟು ಗಂಟೆ ಕೂರುವುದಕ್ಕೂ ಡೀಸೆಲ್ ಅಷ್ಟೇ ಸುಡುತ್ತದೆ.

ಹೊಲದವರು ಮಾಡಬಹುದಾದ್ದೂ ಇದೆ. ಹೊಲಕ್ಕೆ ಇಳಿಯುವ ದಾರಿಯಲ್ಲಿ ಮಳೆನೀರು ಕೊರೆದ ಕೊರಕಲು ಇರುತ್ತದಲ್ಲ, ದಿನಕ್ಕೆ ಹತ್ತು ಸಲ ಟ್ರ್ಯಾಕ್ಟರ್ ಅದರಲ್ಲೇ ಇಳಿದು ಹತ್ತುತ್ತದೆ. ಎಂಟು ಬುಟ್ಟಿ ಮಣ್ಣು, ನಾಲ್ಕು ಕಲ್ಲು ಹಾಕಿದರೆ ಮುಚ್ಚುತ್ತದೆ. ಹಳೇ ಸಾಲಿಗೆ ಅಡ್ಡವಾಗಿ ಓಡಿಸಿದರೆ ಪ್ರತಿ ಸಾಲಿಗೂ ಒಂದು ಗುದ್ದು. ಮೊದಲ ಸುತ್ತು ಸಾಲಿನ ಉದ್ದಕ್ಕೆ, ಇಲ್ಲವೇ ಓರೆಯಾಗಿ ಹೋಗಿ ಮಟ್ಟವಾದ ಮೇಲೆ ಅಡ್ಡ ಹೊಡೆಯಲಿ. ಬೇಸಿಗೆಯಲ್ಲಿ ಆರಿಸಿ ಹಾಕದ ಕಲ್ಲು ಮುಂಗಾರಿನಲ್ಲಿ ಅವನ ಬೆನ್ನಿಗೆ ಬರುತ್ತದೆ.

ಟಿಪ್ಪರು ಮತ್ತು ಜೆಸಿಬಿ ಬಗ್ಗೆ ಎರಡು ಮಾತು. ಕೆರೆ ಹೂಳು ಹೊರುವಾಗ ತುಂಬಿದ ಗಾಡಿಗಿಂತ ಖಾಲಿ ವಾಪಸ್ ಬರುವ ಗಾಡಿ ಹೆಚ್ಚು ಎತ್ತಿ ಹಾಕುತ್ತದೆ. ಭಾರಕ್ಕೆ ಅಂತ ಮಾಡಿದ ಪಟ್ಟಿ ಸ್ಪ್ರಿಂಗು ಖಾಲಿ ಇದ್ದಾಗ ಬಗ್ಗುವುದೇ ಇಲ್ಲ. ಆದರೆ ಎಲ್ಲರೂ ವೇಗ ಹೊಡೆಯುವುದು ಖಾಲಿ ಬರುವಾಗಲೇ. ಟೈರಿನ ಜೆಸಿಬಿಗೆ ಕೃಷಿಹೊಂಡ ತೋಡುವಾಗಿನ ಕುಲುಕಿಗಿಂತ ಊರಿಂದ ಊರಿಗೆ ರಸ್ತೆಯ ಮೇಲೆ ಓಡಿಸುವಾಗಿನದು ಜಾಸ್ತಿ. ಅದಕ್ಕೂ ಅಚ್ಚಿನಲ್ಲಿ ಸ್ಪ್ರಿಂಗ್ ಇಲ್ಲ. ಅಕ್ಕಪಕ್ಕದ ಹೊಂಡಗಳನ್ನು ಒಟ್ಟಿಗೆ ಮಾಡಿಸಿದರೆ ಆ ಓಡಾಟ ತಪ್ಪುತ್ತದೆ, ಬಾಡಿಗೆಯಲ್ಲೂ ಉಳಿತಾಯ.

ಇನ್ನು ಡಾಕ್ಟರು ಒತ್ತಿ ಹೇಳಿದ್ದು. ಹೊತ್ತುಗಟ್ಟಲೆ ಕುಲುಕಿ ಕೂತು ಎದ್ದ ತಕ್ಷಣ ಬೆನ್ನಿನ ಸ್ನಾಯುಗಳು ದಣಿದಿರುತ್ತವೆ. ಆಗ ಧುಮುಕಿ ಇಳಿದು ಗೊಬ್ಬರದ ಚೀಲಕ್ಕೆ ಕೈ ಹಾಕಬಾರದು. ಗಾಡಿಗೆ ಮುಖ ಮಾಡಿ, ಹಿಡಿದುಕೊಂಡು, ಮೆಟ್ಟಿಲ ಮೇಲೆ ಕಾಲಿಟ್ಟು ಇಳಿಯಬೇಕು. ಐದು ಹತ್ತು ನಿಮಿಷ ನಡೆದಾಡಿ ಆಮೇಲೆ ಭಾರ ಮುಟ್ಟಬೇಕು. ಎರಡು ಗಂಟೆಗೊಮ್ಮೆ ಇಳಿಯಲೇಬೇಕು, ಟೀ ಕುಡಿಯೋಕಾದರೂ. ಹಿಂದಿನ ಉಪಕರಣ ನೋಡಲು ಒಂದು ಕನ್ನಡಿ ಹಾಕಿಸಿಕೊಂಡರೆ ಹತ್ತು ಸಲ ತಿರುಗುವಲ್ಲಿ ಮೂರು ಸಲ ತಿರುಗಿದರೆ ಸಾಕು. ಬಸುರಿ ಹೆಂಗಸರನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಹೋಗುವುದನ್ನಂತೂ ನಿಲ್ಲಿಸಬೇಕು, ಬೀಳುವ ಭಯ ಒಂದು, ಕುಲುಕು ಇನ್ನೊಂದು. ಸೊಂಟ ನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡರೆ ಅಥವಾ ತಾನಾಗಿ ಹೋದರೆ, ತೊಡೆಸಂದು ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಎಣ್ಣೆ ತಿಕ್ಕಿಸುತ್ತಾ ಕೂರಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ನರ ವಾಪಸ್ ಬರುವುದಿಲ್ಲ.

ಹೊಸ ಟ್ರ್ಯಾಕ್ಟರ್ ಕೊಳ್ಳುವವರು ಎಷ್ಟು ಎಚ್‌ಪಿ, ಎಷ್ಟು ಎತ್ತುತ್ತದೆ, ಗಂಟೆಗೆ ಎಷ್ಟು ಡೀಸೆಲ್ ಅಂತ ಕೇಳುತ್ತಾರೆ. ಸೀಟಿನ ಮೇಲೆ ಕೂತು ತಿರುಪು ತಿರುಗಿಸಿ ನೋಡಿದವರನ್ನು ನಾನು ಕಂಡಿಲ್ಲ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷೆ ಮಾಡಿ ವರದಿ ಕೊಡುತ್ತದೆ. ಅದರಲ್ಲಿ ಸೀಟು, ಸ್ಟೇರಿಂಗು, ಕಾಲಿಡುವ ಜಾಗಗಳ ನಡುಕದ ಅಳತೆಯೂ ಇರುತ್ತದೆ. ಅದು ಇಂಜಿನ್ನಿನಿಂದ ಬರುವ ನಡುಕ, ಹೊಲದ ಕುಲುಕು ಬೇರೆ. ಆದರೂ ಡೀಲರ ಹತ್ತಿರ ಆ ವರದಿ ಕೇಳಿ ನೋಡಬಹುದು. ನಮ್ಮ ಕಡೆಯವರಿಗೆ ಹತ್ತಿರದಲ್ಲೇ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಇಂಥದ್ದೇ ಸಂಸ್ಥೆ ಇದೆ. ಅಲ್ಲಿ ಯಂತ್ರ ನಡೆಸುವ, ನೋಡಿಕೊಳ್ಳುವ ತರಬೇತಿ ಕೊಡುತ್ತಾರೆ. ಡ್ರೈವರ್ ಹುಡುಗರನ್ನು ಮಾಲೀಕರು ಒಂದು ವಾರ ಬಿಟ್ಟುಕೊಟ್ಟರೆ ನಷ್ಟವೇನಿಲ್ಲ.

ಅಣ್ಣನ ಮಗ ಎರಡು ತಿಂಗಳಾದ ಮೇಲೆ ಮತ್ತೆ ಅದೇ ಗಾಡಿ ಹತ್ತಿದ. ಪೂರ್ತಿ ವಾಸಿ ಅಂತ ಹೇಳಲಾರೆ. "ಚಿಕ್ಕಪ್ಪ, ಗುದ್ದು ಹೋಗಿದೆ, ನಾಲ್ಕು ಗಂಟೆ ಆದ ಮೇಲೆ ಹಿಡಿದುಕೊಳ್ಳುತ್ತೆ" ಅನ್ನುತ್ತಾನೆ. ಒಮ್ಮೆ ಕೆಟ್ಟ ಮೆತ್ತೆ ಸೀಟು ಸರಿ ಮಾಡಿದ್ದಕ್ಕೆ ಹೊಸದಾಗುವುದಿಲ್ಲ. ಈಚೆಗೆ ನಮ್ಮ ಬದುವಿನ ಸುತ್ತಲಿನ ಏಳು ಜನ ಸೇರಿ ಆ ಮಾಲೀಕರ ಜೊತೆ ಕೂತು ಮಾತಾಡಿದೆವು. ಏಳೂ ಹೊಲವನ್ನು ಒಂದೇ ಸರದಿಗೆ ಕೊಡುತ್ತೇವೆ, ದಾರಿಯ ಕೊರಕಲು ನಾವೇ ಮುಚ್ಚುತ್ತೇವೆ, ಎಕರೆ ಲೆಕ್ಕದ ಬಾಡಿಗೆ ಕಡಿಮೆ ಮಾಡಿ ಅಂತ ಕೇಳುವುದಿಲ್ಲ, ಬದಲಿಗೆ ಡ್ರೈವರನಿಗೆ ದಿನದ ಬತ್ತ ಕೊಡಿ, ಹದದ ದಿನಗಳಿಗೆ ಇನ್ನೊಬ್ಬನನ್ನು ಇಡಿ ಅಂದೆವು. ದಿನದ ಬತ್ತಕ್ಕೆ ಒಪ್ಪಿದ್ದಾರೆ. ಮಧ್ಯಾಹ್ನ ಒಂದು ಗಂಟೆ ಬಿಡುವಿಗೂ ಒಪ್ಪಿದ್ದಾರೆ. ಇನ್ನೊಬ್ಬ ಡ್ರೈವರನ ಮಾತಿಗೆ "ನೋಡೋಣ" ಅಂದಿದ್ದಾರೆ. ಯುಗಾದಿ ಕಳೆದ ಮೇಲೆ ಮತ್ತೆ ಕೂರಬೇಕು.